ನಾಲ್ಕು ಹಸುವಿನ ಕೊಟ್ಟಿಗೆಗೆ ಎಷ್ಟು ಇಟ್ಟಿಗೆ ಬೇಕು?

ನಾನು ಓದಿದ್ದು ಬಿಕಾಂ, ಹಾಗಾಗಿ ಕೊಟ್ಟಿಗೆ ಅಂದ್ರೂ ನನ್ನ ಕಣ್ಣು ಮೊದಲು ಹೋಗೋದು ಕೊಟೇಶನ್ ಕಡೆಗೆ. ಇವತ್ತು ಇಟ್ಟಿಗೆಯ ಸಾಲನ್ನ ಒಟ್ಟಿಗೇ ಲೆಕ್ಕ ಹಾಕೋಣ.

ಒಂದು ಹಸುವಿಗೆ 4 ಅಡಿ ಅಗಲ ಅಂತ ಹಿಡಿದರೆ ನಾಲ್ಕಕ್ಕೆ 16 ಅಡಿ ಉದ್ದ. ಅಗಲ 12 ಅಡಿ ಇರಲಿ. ಮುಂದುಗಡೆ ಗೋದಲಿ, ಉಳಿದ ಮೂರು ಕಡೆ 3 ಅಡಿ ಎತ್ತರದ ಗೋಡೆ. ಮೂರೂ ಸೇರಿ 40 ಅಡಿ. ಬಾಗಿಲಿಗೆ 4 ಅಡಿ ಬಿಟ್ಟರೆ 36. ಅಂದ್ರೆ 108 ಚದರ ಅಡಿ ಗೋಡೆ.

ಇಟ್ಟಿಗೆ 9 ಇಂಚು ಉದ್ದ, 3 ಇಂಚು ಎತ್ತರ ಇದ್ದರೆ, ಗಾರೆ ಸೇರಿ ಚದರ ಅಡಿಗೆ ಹೆಚ್ಚುಕಡಿಮೆ ನಾಲ್ಕೂವರೆ ಹಿಡಿಯುತ್ತೆ. ಒಡೆಯೋದೂ ಸೇರಿ 500 ಸಾಕು. ಪಾಯದ್ದು ಬೇರೆ.

ಕೊಟೇಶನ್‌ನಲ್ಲಿ 1,000 ಅಂತ ಇದ್ದರೆ ಮೇಸ್ತ್ರಿ 9 ಇಂಚು ದಪ್ಪದ ಗೋಡೆ ಲೆಕ್ಕ ಹಾಕಿದ್ದಾರೆ ಅಂತ. ಶೀಟಿನ ಭಾರ ಕಬ್ಬಿಣದ ಕಂಬಗಳ ಮೇಲೆ ಬೀಳೋದಾದ್ರೆ, ಕಂಬಗಳ ನಡುವೆ ನಾಲ್ಕೂವರೆ ಇಂಚಿನ ಗೋಡೆ ನಡೆಯುತ್ತೆ. ಅದರ ಕೆಲಸ ಹಸುವಿಗೆ ಮರೆ ಕೊಡೋದು, ಮೇಲೆ ಗಾಳಿ ಬಿಡೋದು. ಗೋಡೆ ಮೇಲೇ ಶೀಟು ಕೂರಿಸೋದಾದ್ರೆ ಮಾತ್ರ ದಪ್ಪ ಬೇಕು.

ಉಳಿದ ದುಡ್ಡು ಗೋದಲಿಗೆ ಹಾಕಿ. ಒಳಗಿನ ಮೂಲೆ ದುಂಡಗಿರಲಿ, ನುಣ್ಣಗೆ ಸಿಮೆಂಟ್ ಎಳೆಸಿ, ತಳ ಒಂದು ಕಡೆಗೆ ಇಳಿಜಾರಿರಲಿ. ಮುಗಿದ ಮೇಲೆ ಒಂದು ಕೊಡ ನೀರು ಸುರಿದು ನೋಡಿ. ನೀರು ನಿಂತ ಜಾಗದಲ್ಲೇ ನಾಳೆ ಮೇವು ಹುಳಿ ಬರೋದು; ಮೇಸ್ತ್ರಿ ಇರುವಾಗಲೇ ಸರಿ ಮಾಡಿಸಿ.