ಮೂರು ಕಡೆಯಿಂದ ಬಂದ ಒಂದೇ ಹೆಸರು



ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮಕರ ಸಂಕ್ರಾಂತಿಗೆ ಮೈಲಾರಲಿಂಗೇಶ್ವರನ ಜಾತ್ರೆ ನಡೆಯುತ್ತದೆ. ಪಲ್ಲಕ್ಕಿ ಗುಡಿಯಿಂದ ಇಳಿದು ಹೊನ್ನಕೆರೆಗೆ ಸ್ನಾನಕ್ಕೆ ಹೊರಟಾಗ ಭಂಡಾರ ಹಾರುತ್ತದೆ, ದಾರಿಯೆಲ್ಲ ಹಳದಿಯಾಗುತ್ತದೆ. ಆ ಹೊತ್ತು ಮುಗಿದರೆ ಮತ್ತೆ ಒಂದು ವರ್ಷ ಕಾಯಬೇಕು. ರಾಮಸಮುದ್ರದ ನಾಲ್ಕು ಜನ ಹುಡುಗರು ಸೇರಿ ಈ ಜಾತ್ರೆಯ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡುತ್ತಾರೆ ಎಂದು ಇಟ್ಟುಕೊಳ್ಳೋಣ. ಪಲ್ಲಕ್ಕಿಯ ಜೊತೆಗೆ ಒಂದು ಸೋನಿ ಕ್ಯಾಮೆರಾ, ಕೆರೆಯ ದಂಡೆಯಲ್ಲಿ ಇನ್ನೊಂದು ಸೋನಿ, ಮತ್ತೊಬ್ಬನ ಎದೆಗೆ ಕಟ್ಟಿದ ಗೋಪ್ರೊ. ಎಡಿಟಿಂಗ್‌ಗೆ ಇಬ್ಬರು: ಒಬ್ಬ ಯಾದಗಿರಿಯಲ್ಲಿ ಕೂರುತ್ತಾನೆ, ಇನ್ನೊಬ್ಬಳು ಬೆಂಗಳೂರಿನಲ್ಲಿ. ಜಾತ್ರೆಯಲ್ಲಿ ಸೆರೆಸಿಕ್ಕ ಒಂದು ಚೂರೂ ಈ ಇಬ್ಬರ ನಡುವೆ ಕಳೆದುಹೋಗಬಾರದು. ಇವತ್ತಿನ ಮಾತು ಅಷ್ಟರ ಬಗ್ಗೆಯೇ.

ಫುಟೇಜ್ ಕಳೆಯುವುದೆಂದರೆ ಫೈಲ್ ಅಳಿಸಿಹೋಗುವುದು ಎಂದೇ ನಾವು ತಿಳಿಯುತ್ತೇವೆ. ಹೆಚ್ಚಿನ ಸಲ ಹಾಗೆ ಆಗುವುದಿಲ್ಲ. ಫೈಲ್ ಡಿಸ್ಕಿನಲ್ಲೇ ಇರುತ್ತದೆ, ಅದು ಅಲ್ಲಿದೆ ಎನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಅಥವಾ ಅದರ ಹೆಸರಿನಲ್ಲಿ ಬೇರೊಂದು ಫೈಲ್ ಬಂದು ಕೂತಿರುತ್ತದೆ.

ಎರಡನೆಯದು ಹೇಗಾಗುತ್ತದೆ ನೋಡಿ. ಸೋನಿಯ ಅನೇಕ ಕ್ಯಾಮೆರಾಗಳು ಹೊಸದಾಗಿ ಫಾರ್ಮ್ಯಾಟ್ ಮಾಡಿದ ಕಾರ್ಡಿನಲ್ಲಿ ಮೊದಲ ವಿಡಿಯೋಗೆ `C0001.MP4` ಎಂದು ಹೆಸರಿಡುತ್ತವೆ, ಆಮೇಲೆ `C0002`, `C0003`. ಬೆಳಗಿನ ಕಾರ್ಡ್ ತುಂಬಿ ಮಧ್ಯಾಹ್ನ ಇನ್ನೊಂದು ಹಾಕಿದರೆ ಎಣಿಕೆ ಮತ್ತೆ ಒಂದರಿಂದಲೇ ಶುರುವಾಗುತ್ತದೆ. ಕೆರೆಯ ದಂಡೆಯ ಕ್ಯಾಮೆರಾದ್ದೂ ಅದೇ ಕತೆ. ಸಂಜೆ ರಾಮಸಮುದ್ರಕ್ಕೆ ಬರುವಷ್ಟರಲ್ಲಿ ಮೂರು ಕಾರ್ಡುಗಳಲ್ಲಿ ಮೂರು `C0012` ಇವೆ: ಒಂದು ಗುಡಿಯ ಬಾಗಿಲದ್ದು, ಒಂದು ಪಲ್ಲಕ್ಕಿಯದು, ಒಂದು ಕೆರೆಯದು. ಮೂರನ್ನೂ ಒಂದೇ ಫೋಲ್ಡರಿಗೆ ಸುರಿಯಲು ಹೋದರೆ ಕಂಪ್ಯೂಟರ್ "ಹಳೆಯದರ ಮೇಲೆ ಬರೆಯಲೇ?" ಎಂದು ಕೇಳುತ್ತದೆ. ದಣಿದ ಕೈ ಹೌದು ಎಂದು ಒತ್ತಿದರೆ ಎರಡು ಹೋದಂತೆಯೇ. ಬೇರೆ ಬೇರೆ ಫೋಲ್ಡರಿನಲ್ಲಿಟ್ಟರೂ ಕಂಟಕ ಪೂರ್ತಿ ತಪ್ಪುವುದಿಲ್ಲ. ತಿಂಗಳ ನಂತರ ಡಿಸ್ಕ್ ಬದಲಾಗಿ ಕ್ಲಿಪ್ಪುಗಳು ಆಫ್‌ಲೈನ್ ಆದಾಗ ಸಾಫ್ಟ್‌ವೇರ್ `C0012` ಎಲ್ಲಿದೆ ಎಂದು ಕೇಳುತ್ತದೆ. ಎಡಿಟರ್ ಮೊದಲು ಕಂಡದ್ದನ್ನು ತೋರಿಸುತ್ತಾಳೆ. ಹೆಸರು ಹೊಂದಿಕೆಯಾಗುವುದರಿಂದ ಸಾಫ್ಟ್‌ವೇರ್ ಸುಮ್ಮನೆ ಒಪ್ಪಿಕೊಳ್ಳಬಹುದು. ಪಲ್ಲಕ್ಕಿ ಇರಬೇಕಾದ ಜಾಗದಲ್ಲಿ ಕೆರೆ ಕಾಣಿಸುತ್ತದೆ. ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ತನಕ ಅದು ಯಾರ ಗಮನಕ್ಕೂ ಬರುವುದಿಲ್ಲ.

ನಮ್ಮ ಕಡೆ ಕುರಿಗಾರರು ಹಿಂಡುಗಳು ಕೂಡುವ ಮೊದಲೇ ತಮ್ಮ ಕುರಿಗೆ ಗುರುತು ಹಾಕಿರುತ್ತಾರೆ. ಕ್ಲಿಪ್ಪಿಗೂ ಗುರುತು ಬೀಳಬೇಕಾದ ಹೊತ್ತು ಅದೇ: ಕಾರ್ಡಿನಿಂದ ಡಿಸ್ಕಿಗೆ ಇಳಿದ ಕೂಡಲೇ, ಇನ್ನೂ ಯಾವ ಎಡಿಟರೂ ಅದನ್ನು ಮುಟ್ಟಿರದಿದ್ದಾಗ.

ಮೊದಲು ಕಾರ್ಡನ್ನು ಇಡಿಯಾಗಿ, ಒಳಗಿನ ಫೋಲ್ಡರುಗಳ ಸಮೇತ, ಎರಡು ಡಿಸ್ಕಿಗೆ ನಕಲು ಮಾಡಬೇಕು. ಬರೀ ಎಳೆದು ಹಾಕಿದರೆ ಸಾಲದು. ನಕಲು ಮೂಲದಂತೆಯೇ ಇದೆಯೇ ಎಂದು ತಾಳೆ ನೋಡುವ ಸಾಧನ ಬಳಸಬೇಕು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಇದಕ್ಕೆಂದು `Clone Tool` ಇದೆ. ಒಂದು ನಕಲನ್ನು ಹಾಗೆಯೇ ಬೀರುವಿನಲ್ಲಿ ಇಟ್ಟುಬಿಡಿ. ಕೆಲಸಕ್ಕೆ ಬಳಸುವ ನಕಲಿನಲ್ಲಿ ಮಾತ್ರ ಫೈಲ್‌ಗಳಿಗೆ ಹೆಸರಿಡಿ. ನಾನು ಒಪ್ಪುವ ಹೆಸರು ಇದು:

```
MLP_20250114_A02_C0012.MP4
```

`MLP` ಎಂದರೆ ಮೈಲಾಪುರದ ಪ್ರಾಜೆಕ್ಟ್. ಆಮೇಲೆ ತಾರೀಕು. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿದ್ದರೆ ಕಂಪ್ಯೂಟರ್ ತಾನಾಗಿ ದಿನದ ಸಾಲಿನಲ್ಲೇ ಜೋಡಿಸುತ್ತದೆ. `A02` ಎಂದರೆ ಎ ಕ್ಯಾಮೆರಾದ ಎರಡನೆಯ ಕಾರ್ಡ್. ಬಾಲದಲ್ಲಿ ಕ್ಯಾಮೆರಾ ಇಟ್ಟ ಹೆಸರನ್ನೇ ಉಳಿಸಿಕೊಂಡಿದ್ದೇವೆ. ಅದನ್ನು ಕಿತ್ತುಹಾಕಿ ಹೊಸ ಸಂಖ್ಯೆ ಕೊಡುವವರಿದ್ದಾರೆ, ಅದು ತಪ್ಪು. ಕೆಲಸದ ಡಿಸ್ಕ್ ಕೆಟ್ಟರೆ ಬೀರುವಿನಲ್ಲಿರುವ ಎ ಕ್ಯಾಮೆರಾದ ಎರಡನೆಯ ಕಾರ್ಡಿನ ನಕಲಿಗೆ ಹೋಗಿ `C0012` ತೆಗೆದುಕೊಳ್ಳಲು ಆ ಬಾಲವೊಂದೇ ದಾರಿ. ಮ್ಯಾಕ್‌ನಲ್ಲಾದರೆ ಕಾರ್ಡಿನ ಎಲ್ಲ ಕ್ಲಿಪ್ಪುಗಳನ್ನು ಆರಿಸಿ, `Rename` ಒತ್ತಿ, `Add Text` ಆಯ್ದುಕೊಂಡು ಹೆಸರಿನ ಮುಂದೆ ಇಷ್ಟನ್ನು ಸೇರಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಎಡಿಟಿಂಗ್ ಶುರುವಾದ ಮೇಲೆ ಮಾತ್ರ ಡಿಸ್ಕಿನಲ್ಲಿರುವ ಫೈಲಿನ ಹೆಸರನ್ನು ಯಾರೂ ಬದಲಿಸುವ ಹಾಗಿಲ್ಲ.

ಒಂದು ಅಪವಾದವಿದೆ. ಹಳೆಯ ಎವಿಸಿಎಚ್‌ಡಿ ಕ್ಯಾಮೆರಾಗಳು ಉದ್ದದ ಶಾಟನ್ನು ಹಲವು `.MTS` ತುಂಡುಗಳಾಗಿ ಒಡೆಯುತ್ತವೆ. ಅವನ್ನು ಜೋಡಿಸುವ ಮಾಹಿತಿ ಪಕ್ಕದ ಸಣ್ಣ ಫೈಲುಗಳಲ್ಲಿರುತ್ತದೆ. ಅಲ್ಲಿ ಒಳಗಿನ ಹೆಸರು ಮುಟ್ಟಿದರೆ ಆ ಜೋಡಣೆ ತಪ್ಪುತ್ತದೆ, ಹಾಗಾಗಿ ಹೊರಗಿನ ಫೋಲ್ಡರಿಗಷ್ಟೇ ಹೆಸರಿಡಬೇಕು.

ಗೋಪ್ರೊದ್ದು ಇನ್ನೊಂದು ಬಗೆ. ಅದೂ ಉದ್ದದ ರೆಕಾರ್ಡಿಂಗನ್ನು ಒಡೆಯುತ್ತದೆ, ಆದರೆ ಹೆಸರಿನಲ್ಲಿ ತುಂಡಿನ ಸಂಖ್ಯೆಯನ್ನು ಮೊದಲು, ರೆಕಾರ್ಡಿಂಗ್ ಸಂಖ್ಯೆಯನ್ನು ಆಮೇಲೆ ಬರೆಯುತ್ತದೆ. ಇಪ್ಪತ್ತೊಂದನೆಯ ರೆಕಾರ್ಡಿಂಗಿನ ಮೊದಲ ತುಂಡು `GX010021`, ಎರಡನೆಯದು `GX020021`. ಹೆಸರಿನ ಕ್ರಮದಲ್ಲಿ ಜೋಡಿಸಿದರೆ ಇವೆರಡರ ನಡುವೆ ಮುಂದಿನ ರೆಕಾರ್ಡಿಂಗ್ `GX010022` ನುಗ್ಗುತ್ತದೆ. ಪಲ್ಲಕ್ಕಿ ಕೆರೆ ಮುಟ್ಟುವ ಮೊದಲೇ ಕ್ಯಾಮೆರಾ ನಿಂತಿತು ಎಂದು ಎಡಿಟರ್ ತಿಳಿಯುತ್ತಾಳೆ. ನಿಜವಾಗಿ ಉಳಿದರ್ಧ ಪಟ್ಟಿಯಲ್ಲಿ ಎಷ್ಟೋ ಕೆಳಗೆ ಬಿದ್ದಿರುತ್ತದೆ. ಅದಕ್ಕೇ ಗೋಪ್ರೊ ಕ್ಲಿಪ್ಪಿಗೆ ಮೂಲ ಹೆಸರಿನ ಮುಂದೆ ಮೊದಲು ರೆಕಾರ್ಡಿಂಗ್ ಸಂಖ್ಯೆ, ಆಮೇಲೆ ತುಂಡಿನ ಸಂಖ್ಯೆ ಬರೆಯಬೇಕು: `MLP_20250114_G01_0021_2_GX020021`. ಆಗ ತುಂಡುಗಳು ಒಟ್ಟಿಗೆ ನಿಲ್ಲುತ್ತವೆ.

ಫೈಲ್ ಹೆಸರಿನಲ್ಲೇ "ಪಲ್ಲಕ್ಕಿ, ಹೊನ್ನಕೆರೆ" ಎಂದು ಯಾಕೆ ಬರೆಯಬಾರದು ಎಂದು ನೀವು ಕೇಳಬಹುದು. ಹೆಸರು ಹೇಳಬೇಕಾದದ್ದು ಕ್ಲಿಪ್ ಎಲ್ಲಿಂದ ಬಂತು ಎಂಬುದನ್ನು ಮಾತ್ರ. ಅದರೊಳಗೆ ಏನಿದೆ ಎನ್ನುವುದು ನೋಡುವವರಿಗೆ ತಕ್ಕಂತೆ ಬದಲಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಊರ ಹೆಸರು ಬರೆಯುವುದರಲ್ಲೇ ನಮ್ಮ ಜಿಲ್ಲೆಯಲ್ಲಿ ಒಮ್ಮತವಿಲ್ಲ. ಸುರಪುರವನ್ನು ಒಬ್ಬರು `Surpur` ಎಂದರೆ ಇನ್ನೊಬ್ಬರು `Shorapur`, ಮೂರನೆಯವರು `Surapura`. ಶಹಾಪುರಕ್ಕೆ ಎರಡು ಕಾಗುಣಿತ, ಮೈಲಾಪುರಕ್ಕೂ ಎರಡು ಮೂರು. ಒಂದನ್ನು ಹುಡುಕಿದರೆ ಉಳಿದವು ಸಿಗುವುದಿಲ್ಲ. ಶೂಟಿಂಗಿಗೆ ಮೊದಲೇ ಒಂದು ಹಾಳೆಯಲ್ಲಿ ಮೂರಕ್ಷರದ ಸಂಕೇತಗಳನ್ನು ಬರೆದು ಎಲ್ಲರಿಗೂ ಕೊಟ್ಟುಬಿಡಬೇಕು.

ಹಾಗಾದರೆ ಕನ್ನಡದಲ್ಲೇ ಹೆಸರಿಟ್ಟರೆ? ನನಗೂ ಅದೇ ಆಸೆ, ಆದರೆ ಫೈಲ್ ಹೆಸರಿನಲ್ಲಿ ಬೇಡ. "ಹೊನ್ನಕೆರೆ"ಯ ಮೊದಲಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಉಳಿಸಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಉಳಿಸಬಹುದು. ಮ್ಯಾಕ್‌ನ ಹಳೆಯ ಬಗೆಯ ಡಿಸ್ಕ್ ಎರಡನೆಯ ರೀತಿಯಲ್ಲಿ ಬಿಡಿಸಿಡುತ್ತದೆ, ವಿಂಡೋಸ್ ಕೊಟ್ಟ ಹಾಗೆಯೇ ಇಡುತ್ತದೆ. ತೆರೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಅವು ಬೇರೆ ಬೇರೆ ಹೆಸರುಗಳು. ಯಾದಗಿರಿಯಲ್ಲಿ ತೆರೆದ ಕ್ಲಿಪ್ ಬೆಂಗಳೂರಿನಲ್ಲಿ ಆಫ್‌ಲೈನ್ ಎಂದು ಬಂದರೆ ಕಾರಣ ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಕನ್ನಡದ ಟಿಪ್ಪಣಿಯನ್ನು ಸಾಫ್ಟ್‌ವೇರಿನ ಒಳಗೆ, ಕ್ಲಿಪ್ಪಿನ ಪಕ್ಕದ ವಿವರಣೆಯ ಅಂಕಣದಲ್ಲಿ ಬರೆಯಿರಿ. ಅಲ್ಲಿ ಅದರಿಂದ ತೊಂದರೆಯಿಲ್ಲ, ಹುಡುಕಲೂ ಬರುತ್ತದೆ.

ಇನ್ನು ಬಿನ್. ಎಡಿಟಿಂಗ್ ಸಾಫ್ಟ್‌ವೇರಿನ ಒಳಗೆ ಕ್ಲಿಪ್ಪುಗಳನ್ನು ಗುಂಪು ಮಾಡಿಡುವ ಜಾಗವೇ ಬಿನ್. ಇದರಲ್ಲಿ ಎರಡು ಜಾತಿ ಇರಬೇಕು. ಒಂದು, ಕಾರ್ಡಿನ ಬಿನ್‌ಗಳು: `A01`, `A02`, `B01`, `G01`. ಡಿಸ್ಕಿನಲ್ಲಿರುವಷ್ಟೇ ಕ್ಲಿಪ್, ಅದೇ ಹೆಸರು. ಇನ್ನೊಂದು, ಕತೆಯ ಬಿನ್‌ಗಳು: ಪಲ್ಲಕ್ಕಿ, ಭಂಡಾರ, ಕೆರೆ, ಮಾತುಕತೆ. ಕಾರ್ಡಿನ ಬಿನ್ ಹೊಕ್ಕು ನೋಡಬಹುದು, ಅಲ್ಲಿಂದ ಏನನ್ನೂ ಎತ್ತಿಕೊಂಡು ಹೋಗುವಂತಿಲ್ಲ. ಬೇಕಾದ ಕ್ಲಿಪ್ಪನ್ನು ಕಾಪಿ ಮಾಡಿ ಕತೆಯ ಬಿನ್ನಿಗೆ ಅಂಟಿಸಬೇಕು. ಡಿಸ್ಕಿನ ಫೈಲ್ ಇದರಿಂದ ಎರಡಾಗುವುದಿಲ್ಲ, ಅದರ ಕಡೆಗೆ ತೋರಿಸುವ ಬೆರಳು ಮಾತ್ರ ಎರಡಾಗುತ್ತದೆ. ಗಂಟೆಗೆ 45 ಜಿಬಿ ಹಿಡಿಯುವ ವಿಡಿಯೋ ಆದರೂ ಈ ನಕಲಿಗೆ ಹೆಚ್ಚು ಜಾಗ ಬೇಡ.

ಹೆಸರಿಟ್ಟ ಕೆಲಸದ ಡಿಸ್ಕಿನ ಒಂದೊಂದು ಪ್ರತಿ ಇಬ್ಬರು ಎಡಿಟರುಗಳ ಹತ್ತಿರವೂ ಇರಬೇಕು, ಆ ಡಿಸ್ಕುಗಳ ಹೆಸರು ಅಥವಾ ಡ್ರೈವ್ ಅಕ್ಷರವೂ ಒಂದೇ ಆಗಿರಬೇಕು. ಹಾಗಿದ್ದರೆ ಯಾದಗಿರಿಯಿಂದ ಬೆಂಗಳೂರಿಗೆ ವಿಡಿಯೋ ಹೋಗಬೇಕಿಲ್ಲ, ಸಣ್ಣ ಪ್ರಾಜೆಕ್ಟ್ ಫೈಲ್ ಹೋದರೆ ಸಾಕು. ಒಂದೇ ಸರ್ವರಿನಲ್ಲಿ ಕೂತು ಕೆಲಸ ಮಾಡುವವರಿಗೆ ಆವಿಡ್, ರಿಸಾಲ್ವ್‌ಗಳು ಬಿನ್ನಿಗೆ ಬೀಗ ಹಾಕುತ್ತವೆ. ಒಬ್ಬರು ತಿದ್ದುತ್ತಿದ್ದರೆ ಮತ್ತೊಬ್ಬರು ನೋಡಬಹುದಷ್ಟೆ. ದೂರದೂರ ಇರುವ ನಮ್ಮ ಇಬ್ಬರಿಗೆ ಆ ಬೀಗವಿಲ್ಲ, ಹಾಗಾಗಿ ಪಲ್ಲಕ್ಕಿಯ ಭಾಗ ಒಬ್ಬರದು, ಕೆರೆಯ ಭಾಗ ಇನ್ನೊಬ್ಬರದು ಎಂದು ಮೊದಲೇ ಹಂಚಿಕೊಳ್ಳಬೇಕು. ಸೀಕ್ವೆನ್ಸಿನ ಹೆಸರಲ್ಲಿ `final` ಎಂಬ ಪದ ಬೇಡ. `MLP_KERE_v07` ಸಾಕು, ಮುಂದಿನದು `v08`.

ಊರವರ ಮೊಬೈಲ್ ಕ್ಲಿಪ್ಪುಗಳ ವಿಷಯ ಬೇರೆಯೇ ಹೇಳಬೇಕು, ಅತಿ ಹೆಚ್ಚು ಕಳೆಯುವುದು ಅವೇ. ವಾಟ್ಸಾಪ್‌ನಲ್ಲಿ ಬಂದದ್ದು ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ `VID-20250116-WA0003` ಎಂದಾಗುತ್ತದೆ. ಆ ತಾರೀಕು ಜಾತ್ರೆಯದಲ್ಲ, ಕ್ಲಿಪ್ ನಿಮ್ಮ ಕೈ ಸೇರಿದ್ದು. ಕೊನೆಯ ಸಂಖ್ಯೆಯೂ ನಿಮ್ಮ ಫೋನಿನದು, ಅದೇ ಕ್ಲಿಪ್ ಇನ್ನೊಬ್ಬರಲ್ಲಿ ಬೇರೆ ಸಂಖ್ಯೆ ಹೊತ್ತಿರುತ್ತದೆ. ಚಿತ್ರದ ಗುಣವೂ ಕುಗ್ಗಿರುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿ. ಬಂದದ್ದನ್ನು ಡೌನ್‌ಲೋಡ್ ಫೋಲ್ಡರಿನಿಂದಲೇ ಪ್ರಾಜೆಕ್ಟಿಗೆ ಎಳೆಯಬೇಡಿ. ಎಳೆದರೆ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆ, ಬೆಂಗಳೂರಿನಲ್ಲಿ ಓಡುವುದಿಲ್ಲ. ಮೊದಲು `P01` ಎಂದು ಹೆಸರಿಟ್ಟು ಕೆಲಸದ ಡಿಸ್ಕಿನಲ್ಲಿ ಇಡಿ, ಒಂದು ಪ್ರತಿಯನ್ನು ಇನ್ನೊಬ್ಬ ಎಡಿಟರಿಗೂ ಕಳಿಸಿ, ಆಮೇಲೆ ಒಳಗೆ ತನ್ನಿ.

ವಾರಕ್ಕೊಮ್ಮೆ ಎಣಿಸಬೇಕು. ಡಿಸ್ಕಿನಲ್ಲಿ `A01` 48, `A02` 37, `B01` 66, `G01` 14, `P01` 9 ಇವೆ ಎನ್ನಿ, ಒಟ್ಟು 174. ಪ್ರಾಜೆಕ್ಟಿನಲ್ಲಿ ಕಾರ್ಡಿನ ಬಿನ್‌ಗಳನ್ನು ಕೂಡಿಸಿದರೆ 170 ಮಾತ್ರ. ಒಂದೊಂದೇ ಬಿನ್ ತೆರೆದು ನೋಡಿದಾಗ `A02`ರಲ್ಲಿ 33 ಇವೆ. ಹೆಸರಿನ ಕ್ರಮದಲ್ಲಿ ಜೋಡಿಸಿದರೆ `C0018` ಆದ ಮೇಲೆ ನೇರ `C0023`. ಯಾರೋ ನಾಲ್ಕು ಕ್ಲಿಪ್ಪನ್ನು ಕಾಪಿ ಮಾಡದೆ ಎಳೆದುಕೊಂಡು ಹೋಗಿ ತಮ್ಮ ಬಿನ್ನಿನಲ್ಲಿ ಹಾಕಿದ್ದಾರೆ, ಆಮೇಲೆ ಆ ಬಿನ್ ಬೇಡವೆಂದು ಅಳಿಸಿದ್ದಾರೆ. ಸೀಕ್ವೆನ್ಸಿನಲ್ಲಿ ಬಳಸಿದ ಕ್ಲಿಪ್ ಆಗಿದ್ದರೆ ಪ್ರೀಮಿಯರ್ ಎಚ್ಚರಿಸುತ್ತಿತ್ತು. ಬಳಸದ ಕ್ಲಿಪ್ಪಿಗೆ ಆ ಎಚ್ಚರಿಕೆ ಬರುವುದಿಲ್ಲ. ಡಿಸ್ಕಿನ `A02` ಫೋಲ್ಡರಿನಿಂದ `C0019`ರಿಂದ `C0022`ರವರೆಗಿನ ನಾಲ್ಕನ್ನೂ ಅದೇ ಬಿನ್ನಿಗೆ ಮತ್ತೆ ತಂದು, ಎಣಿಕೆ 37 ಆಯಿತೇ ನೋಡಿ. ಆದ ಮೇಲೆ ಆ ನಾಲ್ಕನ್ನು ತೆರೆದು ಪೂರ್ತಿ ನೋಡಿ, ಪಕ್ಕದಲ್ಲಿ ಏನಿದೆ ಎಂದು ಕನ್ನಡದಲ್ಲಿ ಬರೆದು, ಪ್ರಾಜೆಕ್ಟನ್ನು ಹೊಸ ಸಂಖ್ಯೆಯಲ್ಲಿ ಉಳಿಸಿ ಬೆಂಗಳೂರಿಗೆ ಕಳಿಸಿ.