ಅಟ್ಟೆ ಕಳಚುವ ಬೂಟು, ಗುಂಜು ಏಳುವ ಅಂಗಿ

(ಸಖರಾಯಪಟ್ಟಣದಲ್ಲಿ ನಮ್ಮ ಕುಟುಂಬದವರೆಲ್ಲ ಸೇರಿದ್ದಾಗ, ಮದುವೆಯ ಜವಳಿಗೆ ಹೊರಡುವ ಮುನ್ನ ಆಡಿದ ಮಾತುಗಳ ಬರಹರೂಪ)



ಊಟಕ್ಕೆ ಏಳುವ ಮೊದಲು ಹಿರಿಯರೊಬ್ಬರು ನಾಲ್ಕು ಮಾತು ಹೇಳುವುದು ನಮ್ಮ ಮನೆಯ ರೂಢಿ. ನಲವತ್ತು ದಾಟಿದ ನಾನು ಹಿರಿಯನಾದೆನೋ ಇಲ್ಲವೋ ಎಂಬುದನ್ನು ದೊಡ್ಡಪ್ಪನವರೇ ತೀರ್ಮಾನಿಸಲಿ. ಸರದಿಯಂತೂ ಈ ಬಾರಿ ನನ್ನ ಪಾಲಿಗೆ ಬಂದಿದೆ. ಜವಳಿಯ ಪಟ್ಟಿಯನ್ನು ಅತ್ತಿಗೆಯವರು ನನಗೆ ತೋರಿಸಿದರು. ಹುಡುಗರಿಗೆ ತಲಾ ಮೂರು ಅಂಗಿ, ಎಲ್ಲರಿಗೂ ಹೊಸ ಬೂಟು ಅಥವಾ ಚಪ್ಪಲಿ ಎಂದಿದೆ. ಮೂರು ಅಂಗಿಯ ಹಣದಲ್ಲಿ ಒಂದೋ ಎರಡೋ ಕೊಳ್ಳಿ, ಆದರೆ ಬಾಳುವುದನ್ನು ಕೊಳ್ಳಿ ಎಂಬುದು ನನ್ನ ಸಲಹೆ. ಬಾಳುವುದು ಯಾವುದು ಎಂಬುದನ್ನು ಬೆಲೆಯ ಚೀಟಿ ಹೇಳುವುದಿಲ್ಲ. ಕಣ್ಣು ಮತ್ತು ಬೆರಳುಗಳೇ ಹೇಳಬೇಕು. ಅದನ್ನು ವಿವರಿಸಲು ಈ ಹೊತ್ತನ್ನು ಬಳಸಿಕೊಳ್ಳುತ್ತೇನೆ.

ಮೊದಲು ಬೂಟಿನ ವಿಷಯ. ಒಂದು ಮದುವೆಗೆ ಕೊಂಡ ಬೂಟನ್ನು ಡಬ್ಬಿಯಲ್ಲಿಟ್ಟು, ನಾಲ್ಕೈದು ವರ್ಷಗಳ ನಂತರ ಇನ್ನೊಂದು ಮದುವೆಗೆ ತೆಗೆದಾಗ ಅಟ್ಟೆ ಬೆಲ್ಲದಂತೆ ಪುಡಿಯಾಗಿ ಉದುರುವುದನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಇಲಿಯೋ ಹುಳುವೋ ತಿಂದಿರಬೇಕು ಎನ್ನುವವರುಂಟು. ಅದು ನೀರಿನ ಕೆಲಸ. ಇಂದಿನ ಎಷ್ಟೋ ಹಗುರ ಬೂಟುಗಳ ಅಟ್ಟೆಯನ್ನು ಪಾಲಿಯುರೆಥೇನ್ ಎಂಬ ನೊರೆ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ. ವ್ಯಾಪಾರಿಗಳು ಇದನ್ನು ಪಿ.ಯು. ಎನ್ನುತ್ತಾರೆ. ಇದರ ಸಾಮಾನ್ಯ ಬಗೆಯಲ್ಲಿ ಅಣುಸರಪಳಿಯನ್ನು ಹಿಡಿದಿಟ್ಟಿರುವ ಕೊಂಡಿಗಳನ್ನು ಗಾಳಿಯ ತೇವಾಂಶವೇ ಒಂದೊಂದಾಗಿ ಕತ್ತರಿಸುತ್ತದೆ. ಧರಿಸದೆ ಇಟ್ಟರೂ ಕ್ರಿಯೆ ನಿಲ್ಲುವುದಿಲ್ಲ. ತೇವ ಮತ್ತು ಸೆಕೆ ಕೂಡಿದರೆ ಇನ್ನೂ ಬೇಗ. ಹೀಗಾಗಿ ಜೋಪಾನವಾಗಿಟ್ಟ ಬೂಟೂ ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯೊಳಗೇ ಮುಪ್ಪಾಗುತ್ತದೆ. ನೀರಿಗೆ ಜಗ್ಗದ ಪಿ.ಯು. ಕೂಡ ಉಂಟು, ಆದರೆ ಅಂಗಡಿಯಲ್ಲಿ ನಿಂತು ಅವೆರಡನ್ನು ಬೇರ್ಪಡಿಸುವುದು ನಮ್ಮಿಂದಾಗದು.

ಆದ್ದರಿಂದ ಬಹುಕಾಲ ಬಾಳಬೇಕಾದ ಬೂಟಿಗೆ ರಬ್ಬರಿನ ಅಟ್ಟೆಯನ್ನೇ ಕೇಳಿ. ಕೈಯಲ್ಲಿ ಹಿಡಿದಾಗ ಅದು ತುಸು ಭಾರ, ಉಗುರಿನಿಂದ ಒತ್ತಿದರೆ ಸ್ಪಂಜಿನಂತೆ ತಗ್ಗುವುದಿಲ್ಲ. ಅನಂತರ ಅಟ್ಟೆಯನ್ನು ಮೇಲ್ಭಾಗಕ್ಕೆ ಹೇಗೆ ಸೇರಿಸಿದ್ದಾರೆ ಎಂಬುದನ್ನು ನೋಡಬೇಕು. ಬರಿಯ ಅಂಟಿನಿಂದ ಸೇರಿಸಿದ್ದು ಬೆರಳುಗಳು ಮಡಚುವ ಜಾಗದಲ್ಲಿ ಮೊದಲು ಬಾಯಿ ಬಿಡುತ್ತದೆ. ಹೊಲಿದಿದ್ದರೆ, ಅಟ್ಟೆ ಸವೆದಾಗ ಬಿಚ್ಚಿ ಹೊಸತನ್ನು ಹಾಕಿಸಬಹುದು. ಇಲ್ಲೊಂದು ಮೋಸವಿದೆ: ಅಂಚಿನಲ್ಲಿ ಹೊಲಿಗೆಯಂತೆ ಕಾಣುವ ಗೆರೆಯನ್ನು ಎಷ್ಟೋ ಬೂಟುಗಳಲ್ಲಿ ಅಚ್ಚಿನಲ್ಲೇ ಎರಕ ಹೊಯ್ದಿರುತ್ತಾರೆ. ಬೂಟನ್ನು ತಿರುಗಿಸಿ, ತಳದ ಗಾಡಿಯಲ್ಲಿ ದಾರ ಓಡಿದೆಯೇ ಎಂದು ನೋಡಿ. ಒಳಹಾಸನ್ನು ಎತ್ತಲು ಬಂದರೆ ಅದರಡಿಯಲ್ಲೂ ನೋಡಿ. ದಾರ ಎಲ್ಲಿಯೂ ಕಾಣದಿದ್ದರೆ ಆ ಗೆರೆ ಕೇವಲ ಶೃಂಗಾರವೆಂದೇ ತಿಳಿಯಿರಿ.

ಚರ್ಮದ ವಿಷಯದಲ್ಲಿ ಕತ್ತರಿಸಿದ ಅಂಚು ಸುಳ್ಳು ಹೇಳುವುದಿಲ್ಲ. ನಿಜವಾದ ಚರ್ಮದ ಅಂಚಿನಲ್ಲಿ ನಾರುನಾರಾದ ಹೆಣಿಗೆ ಇರುತ್ತದೆ. ನಕಲಿಯಲ್ಲಿ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಬಳಿದಿರುವುದು ಪದರವಾಗಿ ಕಾಣುತ್ತದೆ. ನಮ್ಮ ಬಯಲುಸೀಮೆಯ ಬೀಳುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವನ್ನು ಮಕ್ಕಳು ಬಲ್ಲರು. ಅದರ ತೊಗಟೆಯ ಒಗರೇ ಹಿಂದೆ ಚರ್ಮ ಹದಮಾಡಲು ಬಳಕೆಯಾಗುತ್ತಿತ್ತು. ಆ ಒಗರು ಚರ್ಮದ ನಾರುಗಳನ್ನು ಕೊಳೆಯದಂತೆ ಕಟ್ಟಿಹಾಕುತ್ತದೆ. ಹದವಾದ ಚರ್ಮಕ್ಕೂ ಒಲೆಯ ಬಿಸಿ ಆಗದು: ನೆನೆದ ಬೂಟನ್ನು ಒಲೆಯ ಬಳಿ ಇಟ್ಟರೆ ನಾರುಗಳು ಕುಗ್ಗಿ ಚರ್ಮ ಸೆಟೆದುಕೊಳ್ಳುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ, ನೆರಳಿನಲ್ಲಿ ಎರಡು ದಿನ ಬಿಡಿ. ಆಷಾಢದ ಮಳೆಗೆ ಚರ್ಮದ ಬೂಟನ್ನು ಹೊರಗೆ ತೆಗೆಯಲೇಬೇಡಿ, ಅದಕ್ಕೆ ರಬ್ಬರಿನ ಚಪ್ಪಲಿಯೇ ಸರಿ.

ಇನ್ನು ಅಂಗಿ. ಇದು ನನ್ನ ಕಸುಬಿಗೆ ಹತ್ತಿರದ ವಿಷಯವಾದ್ದರಿಂದ ತುಸು ಹೆಚ್ಚು ಮಾತನಾಡಿದರೆ ಸಹಿಸಿಕೊಳ್ಳಿ. ಬಟ್ಟೆಯ ಬಾಳಿಕೆ ಹತ್ತಿಯ ಎಳೆಯ ಉದ್ದದಲ್ಲಿ ಆರಂಭವಾಗುತ್ತದೆ. ಎಳೆ ಗಿಡ್ಡವಾಗಿದ್ದರೆ ಅದರ ತುದಿಗಳು ನೂಲಿನಿಂದ ಹೊರಚಾಚಿ, ಉಜ್ಜಿದಾಗ ಸುತ್ತಿಕೊಂಡು ಗುಂಜಾಗುತ್ತವೆ. ನೂಲೂ ಬೇಗ ಸಡಿಲಗೊಳ್ಳುತ್ತದೆ. ಧಾರವಾಡದಲ್ಲಿ ಡಾ. ಕಟರಕಿಯವರು ರೂಪಿಸಿದ ವರಲಕ್ಷ್ಮಿ 1972ರಲ್ಲಿಯೂ, ಡಿ.ಸಿ.ಎಚ್. 32 ತಳಿ 1981ರಲ್ಲಿಯೂ ಬಿಡುಗಡೆಯಾದಾಗ ಅವು ಹೆಸರಾದದ್ದು ಉದ್ದ ಎಳೆಗಾಗಿಯೇ. ಮೀಟರ್ ಲೆಕ್ಕದಲ್ಲಿ ಬಟ್ಟೆ ಕೊಳ್ಳುವಾಗ ಅಂಚಿನ ಒಂದು ದಾರವನ್ನು ಎಳೆದು, ಅದರ ಹುರಿಯನ್ನು ಬಿಚ್ಚಿ, ಮೆಲ್ಲಗೆ ಜಗ್ಗಿ ನೋಡಿ. ಮೂರು ಸೆಂಟಿಮೀಟರಿನಷ್ಟು ಉದ್ದದ ಎಳೆಗಳು ಜಾರಿ ಬಂದರೆ ಹತ್ತಿ ಒಳ್ಳೆಯದು. ಪುಡಿಪುಡಿಯಾದ ನಾರಷ್ಟೇ ಬಂದರೆ ಬಟ್ಟೆಯನ್ನು ಕೆಳಗಿಡಿ.

ಹಾಗೆಂದು ನೂಲು ನವಿರಾದಷ್ಟೂ ಅಂಗಿ ಗಟ್ಟಿ ಎಂದು ಭಾವಿಸಬೇಡಿ. ಅಂಗಡಿಯವರು ಹೊಗಳುವ ನವಿರು ಬಟ್ಟೆ ಮದುವೆ ಮನೆಗೆ ಸೊಗಸು, ಕಾಫಿ ತೋಟದ ರೆಂಬೆಗೆ ತಾಳುವುದಿಲ್ಲ. ದುಡಿಮೆಗೆ ಒತ್ತಾಗಿ ನೇಯ್ದ ತುಸು ದಪ್ಪ ನೂಲಿನದೇ ಬೇಕು. ಬಟ್ಟೆಯನ್ನು ಎರಡು ಕೈಗಳ ನಡುವೆ ಬಲವಾಗಿ ಉಜ್ಜಿ. ಬಿಳಿ ಹುಡಿ ಉದುರಿದರೆ ಆ ಬಿರುಸು ಗಂಜಿಯದು, ಮೊದಲ ಒಗೆತಕ್ಕೆ ಹೊರಟುಹೋಗುತ್ತದೆ. ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ಗುಂಜು ಎದ್ದರೆ ಉದುರುವುದೂ ಇಲ್ಲ. ಗಟ್ಟಿಯಾದ ಪಾಲಿಯೆಸ್ಟರ್ ಎಳೆ ಅದನ್ನು ಹಿಡಿದುಕೊಂಡೇ ಇರುತ್ತದೆ. ಆದರೂ ಮಳೆಗಾಲದಲ್ಲಿ ಬೇಗ ಒಣಗುವುದೆಂದು ಅದನ್ನು ಮೆಚ್ಚುವವರ ಮಾತನ್ನು ನಾನು ತಳ್ಳಿಹಾಕಲಾರೆ. ಹಳತಾದ ಮೇಲೆ ವ್ಯತ್ಯಾಸ ತಿಳಿಯುತ್ತದೆ: ಹತ್ತಿಯ ಪಂಚೆ ಕೌದಿಗೂ ಮಗುವಿನ ಹಾಸಿಗೂ ಒದಗುತ್ತದೆ, ಪಾಲಿಯೆಸ್ಟರ್ ನೆಲ ಒರೆಸಲೂ ನೀರು ಹೀರದು, ಸುಟ್ಟರೆ ಕರಗಿ ಕಪ್ಪು ಹೊಗೆಯಾಗುತ್ತದೆ.

ಸಿದ್ಧ ಉಡುಪಾದರೆ ಒಳಮೈ ಹೊರಗೆ ಮಾಡಿ, ಬಗಲಿನ ಹೊಲಿಗೆಯ ಎರಡೂ ಬದಿಯನ್ನು ಎಳೆಯಿರಿ. ದಾರಗಳು ಸರಿದು ಬೆಳಕು ಇಣುಕಿದರೆ ಅಲ್ಲಿಯೇ ಅದು ಹರಿಯಲಿದೆ. ಒಂದು ಅಂಗುಲದಲ್ಲಿ ಹತ್ತು ಹನ್ನೆರಡು ಹೊಲಿಗೆ ಇದ್ದರೆ ಭದ್ರ; ಆರೇಳು ಇದ್ದರೆ ಅವಸರದ ಕೆಲಸ. ಹೆಗ್ಗೋಡಿನ ಚರಕದವರ ಕೈಮಗ್ಗದ ಬಟ್ಟೆಯನ್ನು ಕೆಲವರು ಬಯಸಿದ್ದೀರಿ. ಅಡಿಕೆಯ ಚೊಗರಿನಲ್ಲಿ ಬಣ್ಣ ಕಟ್ಟುವ ಕೆಲಸ ನಮ್ಮಂಥ ಅಡಿಕೆಯವರಿಗೆ ಸಂತೋಷದ ಸಂಗತಿ. ಆದರೆ ಸಹಜ ಬಣ್ಣದ ಬಟ್ಟೆಯನ್ನು ಬೇರೆಯಾಗಿ ಒಗೆದು ನೆರಳಿನಲ್ಲಿ ಒಣಗಿಸುವ ತಾಳ್ಮೆ ಇದ್ದವರು ಮಾತ್ರ ಕೊಳ್ಳಿ.

ಹಣದ ಮಾತನ್ನು ಚಿಕ್ಕಮ್ಮ ಆಗಲೇ ಕೇಳಿದರು. 600 ರೂಪಾಯಿಯ ಅಂಟಿನ ಬೂಟು ಒಂದು ವರ್ಷ ಬಂತೆಂದುಕೊಳ್ಳೋಣ. ಆರು ವರ್ಷಕ್ಕೆ 3,600 ರೂಪಾಯಿ. 2,400ರ ಹೊಲಿದ ಬೂಟಿಗೆ ನಡುವೆ ಒಮ್ಮೆ 500 ಕೊಟ್ಟು ಅಟ್ಟೆ ಬದಲಿಸಿದರೆ ಅದೇ ಆರು ವರ್ಷಕ್ಕೆ 2,900. ಉಳಿತಾಯ ದೊಡ್ಡದಲ್ಲ, ಮೊದಲೇ 2,400 ಕೈಯಲ್ಲಿರಬೇಕು. ಅಟ್ಟೆ ಬದಲಿಸುವವರು ಹತ್ತಿರದಲ್ಲಿಲ್ಲದಿದ್ದರೆ ಈ ಲೆಕ್ಕವೇ ಬಿದ್ದುಹೋಗುತ್ತದೆ. ಆದಕಾರಣ ಬೂಟಿಗೆ ಮುಂಚೆ ಅವರನ್ನು ವಿಚಾರಿಸಿಕೊಳ್ಳಿ. ಶಾಲೆಯ ಮಕ್ಕಳಿಗಂತೂ ಈ ಸಲಹೆ ಸಲ್ಲದು: ಬೂಟು ಸವೆಯುವ ಮೊದಲೇ ಕಾಲು ಬೆಳೆದಿರುತ್ತದೆ. ಅವರಿಗೆ ಅಗ್ಗದ್ದೇ ಇರಲಿ, ಮುಂದೆ ಹೆಬ್ಬೆರಳಗಲ ಜಾಗವಿರಲಿ.

ಪಟ್ಟಿಯಲ್ಲಿ ಹುಡುಗರ ಅಂಗಿಯನ್ನು ಮೂರರಿಂದ ಎರಡಕ್ಕೆ ಇಳಿಸಲು ಅತ್ತಿಗೆಯವರು ಒಪ್ಪಿದ್ದಾರೆ. ಒಂದು ಮದುವೆಗೆ, ಒಂದು ದುಡಿಮೆಗೆ. ದುಡಿಮೆಯ ಅಂಗಿಗೆ ಬಟ್ಟೆಯನ್ನೇ ತಂದು, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಕುಗ್ಗುವಷ್ಟು ಕುಗ್ಗಿದ ಮೇಲೆ ದರ್ಜಿಗೆ ಕೊಡುವುದೆಂದು ತೀರ್ಮಾನವಾಗಿದೆ. ಬೂಟಿನ ಸಾಲು ಇನ್ನೂ ಖಾಲಿ ಇದೆ. ಊಟವಾದ ಮೇಲೆ ಹಳೆಯ ಬೂಟುಗಳನ್ನೆಲ್ಲ ಜಗಲಿಗೆ ತನ್ನಿ, ಯಾವುದಕ್ಕೆ ಹೊಸ ಅಟ್ಟೆ ಕೂರುತ್ತದೆಂದು ನೋಡಿ ಉಳಿದದ್ದನ್ನು ಬರೆಯೋಣ.