ವಾರದ ಕೂಲಿ ಯಾವ ತಿಂಗಳಿಗೆ ಸೇರಿದ್ದು?
(ಕಾರ್ಮಿಕರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಮಾಲೀಕರೊಡನೆ ಕೂಲಿಯ ಮಾತುಕತೆಗೆ ಕುಳಿತಾಗ ಗುಮಾಸ್ತರು ಒಂದು ಕಾಗದವನ್ನು ಮುಂದಿಡುತ್ತಾರೆ. "ಜುಲೈನಲ್ಲಿ ಕೂಲಿಗೆ ಇಷ್ಟು ಹೋಯಿತು, ಆಗಸ್ಟಿನಲ್ಲಿ ಅದರ ಕಾಲು ಪಾಲು ಹೆಚ್ಚು ಹೋಯಿತು, ಇನ್ನೂ ಹೆಚ್ಚು ಕೇಳುತ್ತೀರಾ?" ಎನ್ನುತ್ತಾರೆ. ಕಾಗದದಲ್ಲಿ ಸುಳ್ಳಿಲ್ಲ. ಆದರೆ ಅದು ಹೇಳುವುದು ನಿಜವೂ ಅಲ್ಲ. ಅದು ಹೇಗೆ ಎಂಬುದನ್ನು ಇವತ್ತು ನಿಧಾನವಾಗಿ ನೋಡೋಣ.

ತಿಂಗಳಿಗೆ ವಾರದ ಗೊಡವೆ ಇಲ್ಲ. ತಿಂಗಳು ಮುಗಿಯುವ ದಿನ ಸೋಮವಾರವೂ ಆಗಬಹುದು, ಶುಕ್ರವಾರವೂ ಆಗಬಹುದು. ನಮಗೆ ಕೂಲಿ ಬರುವುದಾದರೋ ವಾರಕ್ಕೊಮ್ಮೆ. ಆದುದರಿಂದ ಬಹುಮಟ್ಟಿಗೆ ಪ್ರತಿ ತಿಂಗಳ ಕೊನೆಗೂ ಒಂದು ವಾರ ಎರಡು ತಿಂಗಳಲ್ಲಿ ಒಂದೊಂದು ಕಾಲಿಟ್ಟು ನಿಲ್ಲುತ್ತದೆ.

ಒಂದು ಹೆಂಚಿನ ಕಾರ್ಖಾನೆ ಎಂದಿಟ್ಟುಕೊಳ್ಳೋಣ. ಆಳುಗಳು ನಲವತ್ತು, ಎಲ್ಲರಿಗೂ ದಿನಕ್ಕೆ 600 ರೂಪಾಯಿ, ಭಾನುವಾರ ಕೂಲಿಯಿಲ್ಲದ ರಜ. ಅಲ್ಲಿ ಹಾಜರಿ ಪುಸ್ತಕವನ್ನು ಬುಧವಾರ ಸಂಜೆ ಮುಚ್ಚುತ್ತಾರೆ. ಲೆಕ್ಕ ಹಾಕಲು ಗುಮಾಸ್ತರಿಗೆ ಗುರುವಾರ, ಶುಕ್ರವಾರ ಬೇಕು. ಶನಿವಾರ ಬಟವಾಡೆ. ಹಾಗಾಗಿ ಕೂಲಿಯ ವಾರ ಗುರುವಾರ ಹುಟ್ಟಿ ಬುಧವಾರ ಮುಗಿಯುತ್ತದೆ.

2025ರ ಜೂನ್ 30 ಸೋಮವಾರ ಬಂದಿತ್ತು. ಆ ವಾರ ಶುರುವಾದದ್ದು ಜೂನ್ 26ರ ಗುರುವಾರ, ಮುಗಿದದ್ದು ಜುಲೈ 2ರ ಬುಧವಾರ, ಹಣ ಕೈಗೆ ಬರುವುದು ಜುಲೈ 5ರ ಶನಿವಾರ. ಒಬ್ಬ ಆಳಿನ ಕೂಲಿ 3600 ರೂಪಾಯಿ. ಇದು ಯಾವ ತಿಂಗಳ ಕೂಲಿ?

ಹಣ ಕೊಟ್ಟ ದಿನವನ್ನು ಹಿಡಿದರೆ ಅಷ್ಟೂ ಜುಲೈಯದು. ಆದರೆ ಗುರುವಾರ, ಶುಕ್ರವಾರ, ಶನಿವಾರ, ಸೋಮವಾರ, ಈ ನಾಲ್ಕು ದಿನ ಮಣ್ಣು ತುಳಿದದ್ದು ಜೂನ್ ತಿಂಗಳಲ್ಲಿ. ಮಂಗಳವಾರ, ಬುಧವಾರ ಎರಡು ದಿನ ಮಾತ್ರ ಜುಲೈಗೆ ಸೇರಿದ್ದು. ಅಂದರೆ ಜೂನ್‌ಗೆ 2400, ಜುಲೈಗೆ 1200. ಜೂನ್ ಪುಸ್ತಕ ಮುಚ್ಚುವಾಗ ಈ 2400ನ್ನು ಜೂನ್ ಖರ್ಚಿನಲ್ಲಿ ಬರೆದು, "ಕೊಡಬೇಕಾದ ಕೂಲಿ" ಎಂದು ಬಾಕಿಯಲ್ಲಿ ತೋರಿಸಬೇಕು. ಜುಲೈ 5ರಂದು 3600 ಕೊಟ್ಟಾಗ ಅದರಲ್ಲಿ 2400 ಆ ಬಾಕಿಯನ್ನು ತೀರಿಸುತ್ತದೆ, ಉಳಿದ 1200 ಮಾತ್ರ ಜುಲೈ ಖರ್ಚು. ಬಾಕಿಯನ್ನು ತೀರಿಸುವುದು ಮರೆತರೆ ಅದೇ 2400 ಎರಡು ಸಲ ಖರ್ಚಾಗಿ ನಿಲ್ಲುತ್ತದೆ. ಇಂಥ ತಪ್ಪನ್ನು ಕಂಡುಹಿಡಿಯಲು ಬಾಕಿ ಖಾತೆಯನ್ನು ನೋಡಿದರೆ ಸಾಕು. ಬಟವಾಡೆ ಆದ ಮೇಲೆ ಹಿಂದಿನ ತಿಂಗಳ ಬಾಕಿ ಸೊನ್ನೆಯಾಗಿರಬೇಕು.

ಭಾಗ ಮಾಡುವಾಗ ಹಲವರು ಎಡವುವ ಜಾಗ ಒಂದುಂಟು. ಜೂನ್ 26ರಿಂದ 30ರ ವರೆಗೆ ಐದು ದಿನ, ವಾರಕ್ಕೆ ಏಳು ದಿನ, ಆದುದರಿಂದ ಏಳರಲ್ಲಿ ಐದು ಪಾಲು ಎಂದು ಲೆಕ್ಕ ಹಾಕುತ್ತಾರೆ. ಆಗ ಜೂನ್‌ಗೆ 2571 ರೂಪಾಯಿ ಬಂದು ಕೂರುತ್ತದೆ. ದುಡಿಯದ, ಕೂಲಿಯೂ ಇಲ್ಲದ ಭಾನುವಾರಕ್ಕೆ ಪಾಲು ಕೊಟ್ಟಂತಾಯಿತು. ಭಾಗಿಸಬೇಕಾದದ್ದು ಕೂಲಿ ಇರುವ ದಿನಗಳಿಂದ. ಅದೂ ಪ್ರತಿಯೊಬ್ಬನ ಹಾಜರಿಯನ್ನು ನೋಡಿ. ಸೋಮವಾರ ಬಾರದವನಿಗೆ ಜೂನ್‌ನಲ್ಲಿ ಮೂರೇ ದಿನ. ಮಂಗಳವಾರ ಹೆಚ್ಚು ಹೊತ್ತು ದುಡಿದವನ ಓವರ್‌ಟೈಮ್ ಪೂರ್ತಿ ಜುಲೈಗೆ. ಎಣಿಕೆಯ ಮೇಲೆ ಕೂಲಿ ಪಡೆಯುವವರಿಗೆ ಆಯಾ ದಿನ ಎಷ್ಟು ಮಾಲು ಮಾಡಿದರೆಂದು ಮೇಸ್ತ್ರಿ ಬರೆದಿಟ್ಟಿದ್ದರೆ ಅದೇ ಆಧಾರ. ಬರೆದಿಡದೆ ವಾರಕ್ಕೊಮ್ಮೆ ಎಣಿಸುವಲ್ಲಿ ದಿನಗಳ ಪ್ರಕಾರ ಹಂಚುವುದಲ್ಲದೆ ಬೇರೆ ದಾರಿಯಿಲ್ಲ, ಆದರೆ ಅದು ಅಂದಾಜು ಎಂಬುದು ನೆನಪಿರಲಿ. ಮುಂಗಡ ಹಿಡಿದುಕೊಳ್ಳುವುದನ್ನು ಭಾಗ ಮಾಡಬೇಕಿಲ್ಲ. ಅದು ಹಣ ಎಣಿಸಿಕೊಡುವ ದಿನದ ವ್ಯವಹಾರ, ದುಡಿಮೆಯ ಲೆಕ್ಕವಲ್ಲ.

ಈಗ ಮೊದಲು ಹೇಳಿದ ಕಾಗದಕ್ಕೆ ಬರೋಣ. 2025ರ ಜುಲೈನಲ್ಲಿ ಶನಿವಾರಗಳು ನಾಲ್ಕು, ಆಗಸ್ಟಿನಲ್ಲಿ ಐದು. ಆದುದರಿಂದ ಜುಲೈನಲ್ಲಿ ಕೈಗೆ ಬಂದದ್ದು ತಲಾ 24 ದಿನದ ಕೂಲಿ, ನಲವತ್ತು ಆಳಿಗೆ 5,76,000 ರೂಪಾಯಿ. ಆಗಸ್ಟಿನಲ್ಲಿ 30 ದಿನದ ಕೂಲಿ, 7,20,000. ಸರಿಯಾಗಿ ಕಾಲು ಪಾಲು ಹೆಚ್ಚು! ಆದರೆ ದುಡಿಮೆಯ ದಿನಗಳನ್ನು ಎಣಿಸಿ ನೋಡಿ. ಭಾನುವಾರಗಳನ್ನು ಕಳೆದರೆ ಜುಲೈಗೆ 27 ದಿನ. ಆಗಸ್ಟಿಗೆ, ಸ್ವಾತಂತ್ರ್ಯ ದಿನ ಮತ್ತು ಗಣೇಶನ ಚೌತಿಯ ಸಂಬಳ ಸಹಿತ ರಜೆಗಳನ್ನು ಸೇರಿಸಿಕೊಂಡರೂ 26 ದಿನ. ಜುಲೈ ಕೂಲಿ 6,48,000, ಆಗಸ್ಟ್ ಕೂಲಿ 6,24,000. ಏರಿತೆಂದು ತೋರಿಸಿದ ಖರ್ಚು ನಿಜವಾಗಿ ಇಳಿದಿದೆ. ಕೂಲಿಯ ದರ ಒಂದು ಪೈಸೆಯೂ ಬದಲಾಗಿಲ್ಲ. ಬದಲಾದದ್ದು ತಿಂಗಳಲ್ಲಿ ಬಿದ್ದ ಶನಿವಾರಗಳ ಸಂಖ್ಯೆ ಮಾತ್ರ. ಆದುದರಿಂದ ಎರಡು ತಿಂಗಳ ಕೂಲಿಯನ್ನು ಹೋಲಿಸಿ ತೋರಿಸಿದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ: "ಇದು ಕೊಟ್ಟ ಕೂಲಿಯೋ, ಗಳಿಸಿದ ಕೂಲಿಯೋ?"

ಮಾತಿನ ಈ ವ್ಯತ್ಯಾಸ ವರ್ಷದ ಕೊನೆಯಲ್ಲಿ ನಮ್ಮ ಜೇಬಿಗೇ ತಾಗುತ್ತದೆ. 1965ರ ಬೋನಸ್ ಕಾಯಿದೆ ಲೆಕ್ಕದ ವರ್ಷದಲ್ಲಿ ಕನಿಷ್ಠ 30 ದಿನ ದುಡಿದವನಿಗೆ ಬೋನಸ್ಸಿನ ಹಕ್ಕು ಕೊಟ್ಟಿತು. 2019ರ ವೇತನ ಸಂಹಿತೆಯೂ ಅದೇ 30 ದಿನಗಳನ್ನು ಇಟ್ಟುಕೊಂಡಿದೆ. ಕನಿಷ್ಠ ಬೋನಸ್ಸು ನೂರಕ್ಕೆ 8.33ರಂತೆ, ಅದೂ ಆ ವರ್ಷ ಗಳಿಸಿದ ಕೂಲಿಯ ಮೇಲೆ. "ಕೊಟ್ಟ" ಎಂದಲ್ಲ, "ಗಳಿಸಿದ" ಎಂದು.

2026ರ ಮಾರ್ಚ್ 31 ಮಂಗಳವಾರ. ನಮ್ಮ ಕಾರ್ಖಾನೆಯ ಪದ್ಧತಿಯಲ್ಲಿ ಆ ವಾರ ಮಾರ್ಚ್ 26ರಿಂದ ಏಪ್ರಿಲ್ 1ರ ವರೆಗೆ, ಬಟವಾಡೆ ಏಪ್ರಿಲ್ 4ರಂದು. ಫೆಬ್ರವರಿ 24ರ ಮಂಗಳವಾರ ಒಬ್ಬ ಹೆಂಗಸು ಕೆಲಸಕ್ಕೆ ಸೇರಿ, ಭಾನುವಾರಗಳನ್ನೂ ಯುಗಾದಿಯ ಒಂದು ದಿನವನ್ನೂ ಬಿಟ್ಟು ತಪ್ಪದೆ ಬಂದಳೆನ್ನಿ. ಮಾರ್ಚ್ 31ಕ್ಕೆ ಅವಳ ದುಡಿಮೆ ಸರಿಯಾಗಿ 30 ದಿನ. ಗುಮಾಸ್ತರು ಬಟವಾಡೆಯ ಪುಸ್ತಕದಿಂದ ಎಣಿಸಿದರೆ ಮಾರ್ಚ್ 25ಕ್ಕೆ ಮುಗಿದ ವಾರದ ವರೆಗೆ 25 ದಿನವಷ್ಟೆ. ಕೊನೆಯ ವಾರದಲ್ಲಿ ಮಾರ್ಚಿಗೆ ಸೇರಿದ ಐದು ದಿನಗಳು ಹೊಸ ವರ್ಷಕ್ಕೆ ಜಾರಿಹೋದವು. ಅವಳ 18,000 ರೂಪಾಯಿ ಗಳಿಕೆಯ ಮೇಲೆ ಬರಬೇಕಾದ ಸುಮಾರು 1500 ರೂಪಾಯಿ ಹೋಯಿತು. (ಬೋನಸ್ ಲೆಕ್ಕಕ್ಕೆ ಕೂಲಿಗೊಂದು ಮೇಲ್ಮಿತಿ ಉಂಟು. ಇವಳ ಕೂಲಿ ಅದರೊಳಗಿದೆ ಎಂದು ಹಿಡಿದಿದ್ದೇನೆ.) ಇಲ್ಲಿ ಯಾರೂ ಕದ್ದದ್ದಲ್ಲ. ಪುಸ್ತಕವೇ ತಪ್ಪು ಪುಸ್ತಕ. ಬೋನಸ್ಸಿಗೆ ನೋಡಬೇಕಾದದ್ದು ಹಾಜರಿ ಪುಸ್ತಕ.

ಹಾಗೆಂದು ಎಲ್ಲಕ್ಕೂ ವಾರವನ್ನು ಸೀಳಬೇಕೆಂದು ವಾದಿಸಲು ಹೋಗಬೇಡಿ. 1948ರ ಇ.ಎಸ್.ಐ. ಕಾಯಿದೆ ಕೂಲಿಯ ಅವಧಿಯನ್ನೇ ಒಂದು ಘಟಕವೆಂದು ಇಟ್ಟಿತು. ಅವಧಿ ಮುಗಿದ ದಿನ ವಂತಿಗೆ ಬಾಕಿ ಬೀಳುತ್ತದೆ ಎಂದಿತು. ಆ ನಿಯಮದಂತೆ ಜುಲೈ 2ಕ್ಕೆ ಮುಗಿದ ನಮ್ಮ ವಾರದ ವಂತಿಗೆ ಇಡಿಯಾಗಿ ಜುಲೈ ತಿಂಗಳದು. ಜೂನ್ ಪಟ್ಟಿಯಲ್ಲಿ ಆ ನಾಲ್ಕು ದಿನ ಕಾಣದಿದ್ದರೆ ಗಾಬರಿ ಬೇಡ. ಜುಲೈ ಪಟ್ಟಿಯಲ್ಲಿ ಆರೂ ದಿನ ಇದೆಯೆ ಎಂದು ನೋಡಿ.

ಆದುದರಿಂದ ಪ್ರತಿಯೊಂದು ಸಂಘದ ಕಾರ್ಯದರ್ಶಿಯೂ ಒಂದು ಎರಡಾಣೆ ನೋಟ್ ಪುಸ್ತಕದಷ್ಟು ಚಿಕ್ಕ ಕೆಲಸ ಮಾಡಲಿ. ತಿಂಗಳು ದಾಟುವ ಪ್ರತಿ ವಾರಕ್ಕೂ ಒಂದು ಸಾಲು: ಆಳಿನ ಹೆಸರು, ಹಿಂದಿನ ತಿಂಗಳ ದಿನ, ಮುಂದಿನ ತಿಂಗಳ ದಿನ, ಎರಡೂ ಸೇರಿದ ಮೊತ್ತ. ಆ ಮೊತ್ತ ಕೂಲಿ ಚೀಟಿಯ ದಿನಗಳಿಗೆ ಸರಿಹೊಂದಬೇಕು. ಹನ್ನೆರಡು ತಿಂಗಳ ದಿನಗಳನ್ನು ಕೂಡಿದರೆ ಏಪ್ರಿಲ್ 1ರಿಂದ ಮಾರ್ಚ್ 31ರ ವರೆಗಿನ ಹಾಜರಿಗೆ ಸರಿಹೊಂದಬೇಕು. ಹೊಂದದಿದ್ದರೆ ಮೊದಲು ಹುಡುಕಬೇಕಾದದ್ದು ಮಾರ್ಚ್ ಕೊನೆಯ ವಾರವನ್ನು.